ನಾಲ್ಕು ಜನರ ಸಲಹೆ, ಒಂದೇ ದನಿಯ ಕರಡು

ವಿಜಯಪುರ, ತಿಕೋಟಾ ಕಡೆ ಫೆಬ್ರವರಿ ಬಂತೆಂದರೆ ದ್ರಾಕ್ಷಿ ಬೆಳೆದವರಿಗೆ ಬಿಡುವಿಲ್ಲ. ಹಣ್ಣು ಕತ್ತರಿಸಿ, ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನಲ್ಲಿ ಹರಡಿ ಮಣೂಕ, ಅಂದರೆ ಒಣದ್ರಾಕ್ಷಿ ಮಾಡುವ ಕೆಲಸ ಏಪ್ರಿಲ್‌ವರೆಗೂ ನಡೆಯುತ್ತದೆ. ನಮ್ಮ ರೈತರ ಗುಂಪು ಪ್ರತಿ ವರ್ಷ ಅದಕ್ಕೂ ಮೊದಲು ನಾಲ್ಕು ಪುಟದ ಕೈಪಿಡಿ ಅಚ್ಚು ಹಾಕಿಸಿ ಹಂಚುತ್ತದೆ. ಕರಡು ಬರೆಯುವುದು, ಬಂದ ಸಲಹೆಗಳನ್ನು ಸೇರಿಸುವುದು ನನ್ನ ಕೆಲಸ.

ಮೊದಲ ವರ್ಷ ನಾನು ಎಲ್ಲರ ತಿದ್ದುಪಡಿಯನ್ನೂ ಇದ್ದ ಹಾಗೇ ಒಪ್ಪಿಕೊಂಡೆ. ಯಾರಿಗೂ ಬೇಜಾರಾಗಬಾರದು ಅನ್ನುವುದೇ ನನ್ನ ಯೋಚನೆಯಾಗಿತ್ತು. ಅಚ್ಚಾದ ಮೇಲೆ ಒಬ್ಬ ರೈತರು ಕೈಪಿಡಿ ಹಿಡಿದುಕೊಂಡು ಬಂದರು. "ಅಕ್ಕಾರ, ಮೊದಲನೇ ಪುಟದಾಗ ಎರಡು ನಿಮಿಷ ಅದ್ದರಿ ಅಂತೈತಿ, ಮೂರನೇದ್ರಾಗ ಐದು ನಿಮಿಷ ಅದ್ದತಕ್ಕದ್ದು ಅಂತೈತಿ. ಯಾವುದು ಖರೆ?" ಎಂದು ಕೇಳಿದರು. ಅವರು ಕೇಳಿದ್ದು ನಿಮಿಷದ ಬಗ್ಗೆ. ಆದರೆ ಆ ಎರಡು ಸಾಲು ಇಬ್ಬರು ಬೇರೆ ಬೇರೆ ಜನ ಬರೆದದ್ದು ಎಂದು ಅವರಿಗೆ ಗೊತ್ತಾಗಿತ್ತು. ಒಂದು ಮನೆಯ ಮಾತಿನ ಹಾಗಿತ್ತು, ಇನ್ನೊಂದು ಸರ್ಕಾರಿ ಸುತ್ತೋಲೆಯ ಹಾಗಿತ್ತು. ದನಿ ಎರಡಾದ ಕೂಡಲೇ ಓದುವವರಿಗೆ ನಂಬಿಕೆಯೂ ಅರ್ಧಕ್ಕೆ ಇಳಿಯುತ್ತದೆ.

ಆಮೇಲಿನ ವರ್ಷಗಳಲ್ಲಿ ನಾನು ಕಲಿತ ವಿಧಾನ ಇದು. ಮಣೂಕದ ಕೈಪಿಡಿಯ ಒಂದೇ ಒಂದು ಪ್ಯಾರಾ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮದು ಸಂಘದ ವರದಿ ಇರಲಿ, ಶಾಲೆಯ ಸೂಚನೆ ಇರಲಿ, ಕ್ರಮ ಇದೇ.

ಕಳಿಸುವ ಮೊದಲು ಅರ್ಧ ಪುಟ

ಸಲಹೆ ಬಂದ ಮೇಲೆ ದನಿ ಯಾವುದು ಎಂದು ಯೋಚಿಸಿದರೆ ತಡವಾಗುತ್ತದೆ. ಆಗ ಕೊನೆಗೆ ಓದಿದವರ ದನಿಯೇ ನಿಮ್ಮ ಕಿವಿಯಲ್ಲಿ ಉಳಿದಿರುತ್ತದೆ. ಅದಕ್ಕೆ ಕರಡು ಕಳಿಸುವ ಮೊದಲೇ ಅರ್ಧ ಪುಟದಲ್ಲಿ ನಾಲ್ಕು ವಿಷಯ ಬರೆದಿಡಿ.

ಮೊದಲನೆಯದು, ಯಾರು ಯಾರಿಗೆ ಹೇಳುತ್ತಿದ್ದಾರೆ. ನಮ್ಮ ಕೈಪಿಡಿಯಲ್ಲಿ ಗುಂಪು ರೈತರ ಜೊತೆ ನೇರವಾಗಿ ಮಾತಾಡುತ್ತದೆ. ಹಾಗಾಗಿ 'ನೀವು' ಇರುತ್ತದೆ. 'ರೈತ ಬಾಂಧವರು', 'ಬೆಳೆಗಾರರು' ಇರುವುದಿಲ್ಲ. ಎರಡನೆಯದು ಕ್ರಿಯಾಪದದ ಕೊನೆ. ಕನ್ನಡದಲ್ಲಿ ದನಿ ಒಡೆಯುವುದು ಹೆಚ್ಚಾಗಿ ಇಲ್ಲೇ. ಅದ್ದಿ, ಅದ್ದಿರಿ, ಅದ್ದಬೇಕು, ಅದ್ದುವುದು, ಅದ್ದತಕ್ಕದ್ದು: ಕೆಲಸ ಒಂದೇ, ಆದರೆ ಹೇಳುವ ಮನುಷ್ಯ ಐದೂ ಸಲ ಬೇರೆ. ನಾವು 'ಅದ್ದಿ' ಆರಿಸಿಕೊಂಡೆವು. ತಪ್ಪಿದರೆ ನಷ್ಟ ಆಗುವ ಜಾಗದಲ್ಲಿ ಮಾತ್ರ 'ಬೇಕು' ಬರುತ್ತದೆ.

ಮೂರನೆಯದು ಹೆಸರುಗಳು. ನಮ್ಮ ಕಡೆ ಮಣೂಕ ಅಂತಾರೆ, ಪುಸ್ತಕದಲ್ಲಿ ಒಣದ್ರಾಕ್ಷಿ ಇರುತ್ತದೆ, ಸಾಂಗ್ಲಿ, ತಾಸಗಾಂವ ಮಾರುಕಟ್ಟೆಗೆ ಮಾಲು ಒಯ್ಯುವವರು ಬೇದಾಣಾ ಅಂತಾರೆ. ಮೂರೂ ಸರಿ. ಆದರೆ ಒಂದೇ ಕೈಪಿಡಿಯಲ್ಲಿ ಮೂರೂ ಬಂದರೆ ಮೂರು ಬೇರೆ ಪದಾರ್ಥ ಎಂದು ಓದುವವರು ತಿಳಿಯಬಹುದು. ನಾವು 'ಮಣೂಕ' ಇಟ್ಟೆವು, ಮೊದಲ ಸಲ ಬಂದಾಗ ಮಾತ್ರ ಉಳಿದ ಎರಡು ಹೆಸರನ್ನೂ ಹೇಳಿದೆವು. ನಾಲ್ಕನೆಯದು ಅಂಕಿ ಬರೆಯುವ ರೀತಿ: 2 ಎಂದೋ, ೨ ಎಂದೋ, ಎರಡು ಎಂದೋ. ಅಳತೆ ಲೀಟರಿಗೋ, ನೂರು ಲೀಟರಿಗೋ.

ಈ ಅರ್ಧ ಪುಟವನ್ನು ಕರಡಿನ ಜೊತೆಗೇ ಎಲ್ಲರಿಗೂ ಕಳಿಸಿ. ಅರ್ಧ ಜನ ಓದುವುದಿಲ್ಲ, ಅದು ನನಗೆ ಗೊತ್ತು. ಆದರೂ ಕಳಿಸಿ. ನಾಳೆ ಒಬ್ಬರ ಸಾಲನ್ನು ನೀವು ಬದಲಿಸಿದಾಗ, ಅದು ನಿಮ್ಮ ಮರ್ಜಿಯಲ್ಲ, ಮೊದಲೇ ಆದ ಮಾತು ಎಂದು ತೋರಿಸಲು ಬರುತ್ತದೆ.

ಜೊತೆಗೆ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಕೊಡಿ. "ಸ್ವಲ್ಪ ನೋಡಿ ಹೇಳಿ" ಎಂದರೆ ಎಲ್ಲರೂ ಪದಗಳನ್ನೇ ತಿದ್ದುತ್ತಾರೆ, ಯಾಕೆಂದರೆ ಕಣ್ಣಿಗೆ ಮೊದಲು ಬೀಳುವುದು ಪದ. ತೋಟಗಾರಿಕೆ ಓದಿದ ತಂಗಿಗೆ ನಾನು "ಪ್ರಮಾಣ ಸರಿ ಇದೆಯಾ?" ಎಂದು ಕೇಳುತ್ತೇನೆ. ಶೆಡ್ ನೋಡಿಕೊಳ್ಳುವ ಕಾಕಾ ಅವರಿಗೆ "ಕೆಲಸದ ಕ್ರಮದಲ್ಲಿ ಏನಾದರೂ ಬಿಟ್ಟಿದೆಯಾ?" ಎಂದು. ಲೆಕ್ಕ ನೋಡುವ ಸರ್‌ಗೆ "ರೈತರು ಇದನ್ನು ಓದಿ ಖರ್ಚು ಲೆಕ್ಕ ಹಾಕಬಲ್ಲರಾ?" ಎಂದು.

ಬಂದದ್ದನ್ನೆಲ್ಲ ಒಂದು ಹಾಳೆಗೆ ಇಳಿಸುವುದು

ಸಲಹೆಗಳು ಒಂದೇ ದಾರಿಯಲ್ಲಿ ಬರುವುದಿಲ್ಲ. ತಂಗಿ ವರ್ಡ್ ಫೈಲಿನಲ್ಲಿ ತಿದ್ದಿ ಕಳಿಸುತ್ತಾಳೆ. ಕಾಕಾ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಾರೆ. ಸರ್ ಪ್ರಿಂಟ್ ತೆಗೆದು ಅಂಚಿನಲ್ಲಿ ಕೆಂಪು ಪೆನ್ನಿನಿಂದ ಬರೆಯುತ್ತಾರೆ. ಅಥಣಿಯಿಂದ ಮಾಲು ಕಳಿಸುವ ಗೆಳೆಯರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ.

ಈ ಕೊನೆಯದರ ಬಗ್ಗೆ ಹುಷಾರಾಗಿರಿ. ಹಳೆಯ ನುಡಿ ಫೈಲು ಯುನಿಕೋಡ್ ಅಲ್ಲ. ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಲಸಿದ ಹಾಗೆ ಕಾಣುತ್ತದೆ. ನಿಮ್ಮ ಕರಡಿನ ಜೊತೆ ಕಂಪ್ಯೂಟರಿನಲ್ಲಿ ಹೋಲಿಸಿದರೆ ಇಡೀ ಪುಟವೇ ಬದಲಾಗಿದೆ ಎಂದು ತೋರಿಸುತ್ತದೆ. ಮೊದಲು ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳಿ. ಆಮೇಲೆ ಅಂಕಿಗಳು, ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿನಿಂದಲೇ ಒಂದು ಸಲ ನೋಡಿ, ಪರಿವರ್ತನೆಯಲ್ಲಿ ಕೆಡುವುದು ಇವೇ.

ವರ್ಡಿನಲ್ಲಿ Review → Compare → Combine ಎಂದಿದೆ. ಎರಡು ಫೈಲುಗಳ ತಿದ್ದುಪಡಿಯನ್ನು ಒಂದೇ ಕಡೆ ತೋರಿಸುತ್ತದೆ. ಮೂರನೆಯದನ್ನು ಸೇರಿಸಲು, ಬಂದ ಫಲಿತಾಂಶದ ಜೊತೆ ಮತ್ತೆ ಅದನ್ನೇ ಮಾಡಬೇಕು. ಯಾರು ಎಲ್ಲಿ ಕೈ ಹಾಕಿದ್ದಾರೆ ಎಂದು ನೋಡಲು ಇದು ಒಳ್ಳೆಯದು. ಆದರೆ ಅಲ್ಲಿ ಕಾಣುವ Accept All ಒತ್ತಬೇಡಿ. ಅದು ಸಲಹೆ ಸೇರಿಸುವುದಿಲ್ಲ, ಸಾಲುಗಳನ್ನು ಒಂದರ ಪಕ್ಕ ಒಂದು ಇಟ್ಟು ಹೋಗುತ್ತದೆ ಅಷ್ಟೇ.

ನಾನು ಎಲ್ಲವನ್ನೂ ಒಂದು ಪಟ್ಟಿಗೆ ಇಳಿಸುತ್ತೇನೆ. ಯಾವ ಪ್ಯಾರಾ, ಯಾರು ಹೇಳಿದ್ದು, ಏನು ಹೇಳಿದ್ದು, ಯಾಕೆ, ಏನು ತೀರ್ಮಾನ: ಐದು ಕಾಲಂ. ಕಾಕಾ ಅವರ ದನಿ ಸಂದೇಶವನ್ನೂ ಕೇಳಿ ಇದರಲ್ಲೇ ಬರೆಯುತ್ತೇನೆ. 'ಯಾಕೆ' ಕಾಲಂ ಖಾಲಿ ಉಳಿದರೆ ಫೋನ್ ಮಾಡಿ ಕೇಳುತ್ತೇನೆ. ಈ ಕಾಲಂ ತುಂಬಿಸುವುದಕ್ಕೇ ಜಾಸ್ತಿ ಸಮಯ ಬೇಕು, ಆ ಸಮಯ ಕೊಡಿ. ಸಲಹೆಯ ಒಳಗಿನ ಕಾರಣ ಸಿಕ್ಕರೆ ಅವರ ಸಾಲು ನಿಮಗೆ ಬೇಕಾಗುವುದೇ ಇಲ್ಲ. ಕಾರಣ ಇಟ್ಟುಕೊಂಡು, ಸಾಲು ನೀವೇ ಬರೆಯಬಹುದು.

ಒಂದು ಪ್ಯಾರಾ, ನಾಲ್ಕು ಕೈ

ನಾನು ಕಳಿಸಿದ ಕರಡಿನಲ್ಲಿ ಹೀಗಿತ್ತು:

> ಹಣ್ಣು ಪೂರ್ತಿ ಮಾಗಿದ ಮೇಲೆ ಗೊನೆ ಕತ್ತರಿಸಿ. ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ. ನೀರು ಸೋರಿದ ಮೇಲೆ ಶೆಡ್ಡಿನ ನೆಟ್ ಮೇಲೆ ಹರಡಿ.

ತಂಗಿ ಬರೆದದ್ದು: "ಹಣ್ಣಿನ ಸಕ್ಕರೆ ಅಂಶವು ಕನಿಷ್ಠ 22 ಡಿಗ್ರಿ ಬ್ರಿಕ್ಸ್ ತಲುಪಿದ ನಂತರ ಕೊಯ್ಲು ಮಾಡತಕ್ಕದ್ದು. ಪ್ರತಿ ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಹಾಗೂ 15 ಮಿ.ಲೀ. ಈಥೈಲ್ ಓಲಿಯೇಟ್ ಬೆರೆಸಿದ ದ್ರಾವಣದಲ್ಲಿ 2ರಿಂದ 4 ನಿಮಿಷ ಅದ್ದತಕ್ಕದ್ದು."

ಕಾಕಾ ಹೇಳಿದ್ದು: "ಪುಡಿ ಮೊದಲ ನೀರಾಗ ಪೂರಾ ಕರಗಬೇಕ್ರಿ. ಆಮ್ಯಾಲ ಎಣ್ಣಿ ಸ್ವಲ್ಪ ಸ್ವಲ್ಪ ಹಾಕ್ಕೋತ ಕಲಸಬೇಕು. ಒಮ್ಮಿಗೇ ಸುರವಿದ್ರ ಮ್ಯಾಲ ತೇಲತೈತಿ. ಮತ್ತ ಹಣ್ಣ ಹಳದಿ ಆಗಿರಬೇಕು, ಹಸರ ಇದ್ದಾಗ ಕೊಯ್ಯಬಾರದು."

ಸರ್ ಅಂಚಿನಲ್ಲಿ ಬರೆದದ್ದು: "ಯಾರೂ ಒಂದು ಲೀಟರ್ ಕಲಸುವುದಿಲ್ಲ. 100 ಲೀಟರಿಗೆ ಹೇಳಿ. ಸುಮಾರು 4 ಕೆ.ಜಿ. ಹಣ್ಣಿಗೆ 1 ಕೆ.ಜಿ. ಒಣದ್ರಾಕ್ಷಿ, ಇದು ಎಲ್ಲಿದೆ?"

ಅಥಣಿಯವರದ್ದು ಒಂದೇ ಸಾಲು: "ಬೇದಾಣಾಕ್ಕೆ ನಮ್ಮಲ್ಲಿ 5 ನಿಮಿಷ."

ನಾಲ್ಕನ್ನೂ ಇದ್ದ ಹಾಗೇ ಸೇರಿಸಿದರೆ ಏನಾಗುತ್ತದೆ ಎಂದು ಊಹಿಸಿಕೊಳ್ಳಿ. 'ಕೊಯ್ಲು ಮಾಡತಕ್ಕದ್ದು' ಪಕ್ಕದಲ್ಲೇ 'ಕೊಯ್ಯಬಾರದು', ಲೀಟರ್ ಲೆಕ್ಕದ ಪಕ್ಕದಲ್ಲೇ ನೂರು ಲೀಟರ್ ಲೆಕ್ಕ, ಮೂರು ಹೆಸರಿನ ಮಣೂಕ. ನಮ್ಮ ಮೊದಲ ವರ್ಷದ ಕೈಪಿಡಿ ಹಾಗೇ ಇತ್ತು.

ಮೊದಲು ಸಂಗತಿಯ ಜಗಳ ಬಿಡಿಸಿಕೊಳ್ಳಿ. ಪದಕ್ಕೆ ಆಮೇಲೆ ಬನ್ನಿ. ಇಲ್ಲಿ ಎದ್ದು ಕಾಣುವ ಜಗಳ ನಿಮಿಷದ್ದು. ಒಬ್ಬರು 2ರಿಂದ 4 ಅಂತಾರೆ, ಇನ್ನೊಬ್ಬರು 5. ಇಂಥ ಕಡೆ ಸರಾಸರಿ ತೆಗೆಯಬೇಡಿ. ಓದಿದವರ ಮಾತೇ ಸರಿ ಎಂದು ಒಂದನ್ನು ಸುಮ್ನೆ ಹೊಡೆದುಹಾಕಲೂಬೇಡಿ. ಅಥಣಿಯವರಿಗೆ ಫೋನ್ ಮಾಡಿ "ಐದು ನಿಮಿಷ ಎಲ್ಲಿಂದ ಎಲ್ಲಿಗೆ ಎಣಿಸ್ತೀರಿ?" ಎಂದು ಕೇಳಿದೆ. ಕ್ರೇಟು ನೀರಿಗೆ ಇಳಿಸಿದಾಗಿನಿಂದ, ಮೇಲೆತ್ತಿ ನೀರು ಸೋರಿ ಮುಗಿಯುವ ತನಕ ಎಂದರು. ತಂಗಿ ಹೇಳಿದ್ದು ನೀರಿನೊಳಗೆ ಇರುವ ಹೊತ್ತು ಮಾತ್ರ. ಇಬ್ಬರದೂ ಸರಿ, ಗಡಿಯಾರ ಶುರುವಾಗುವುದು ಒಂದೇ ಕಡೆ, ನಿಲ್ಲುವುದು ಬೇರೆ ಕಡೆ. ಹಾಗಾದರೆ ಕರಡಿಗೆ ಬೇಕಾದದ್ದು ಇನ್ನೊಂದು ಅಂಕಿಯಲ್ಲ, 'ನೀರಿನೊಳಗೆ' ಎಂಬ ಒಂದು ಪದ.

ಮಾಗಿದ ಹಣ್ಣಿನ ವಿಷಯದಲ್ಲಿ ಜಗಳವೇ ಇರಲಿಲ್ಲ. ತಂಗಿಯದ್ದು ಮೀಟರಿನ ಭಾಷೆ, ಕಾಕಾ ಅವರದ್ದು ಕಣ್ಣಿನ ಭಾಷೆ. ಮೀಟರ್ ಇಲ್ಲದವರೂ ನಮ್ಮ ಓದುಗರಲ್ಲಿ ಇದ್ದಾರೆ, ಹಾಗಾಗಿ ಎರಡೂ ಬೇಕು. ಸರ್ ಹೇಳಿದ 4ಕ್ಕೆ 1 ಲೆಕ್ಕವೂ ಬೇಕೇ ಬೇಕು, ಆದರೆ ಅದ್ದುವ ಪ್ಯಾರಾದಲ್ಲಿ ಬೇಡ. ಅಲ್ಲಿ ಓದುವವರ ಕೈ ನೀರಿನಲ್ಲಿರುತ್ತದೆ, ಲೆಕ್ಕದ ಕಡೆ ಗಮನ ಇರುವುದಿಲ್ಲ. ಅದನ್ನು ಖರ್ಚಿನ ಪುಟಕ್ಕೆ ಒಯ್ದೆ. ಪಟ್ಟಿಯ ತೀರ್ಮಾನದ ಕಾಲಂನಲ್ಲಿ 'ಬೇರೆ ಕಡೆ ಹೋಯಿತು' ಎಂದು ಬರೆದೆ. ಹೀಗೆ ಬರೆದಿಡದಿದ್ದರೆ ಒಳ್ಳೆಯ ಸಲಹೆಯೊಂದು ಸಾಗಣೆಯಲ್ಲೇ ಕಳೆದುಹೋಗುತ್ತದೆ.

ಹಳೆಯ ಪ್ಯಾರಾ ಮುಚ್ಚಿಟ್ಟು ಬರೆಯುವುದು

ಒಂದು ಪ್ಯಾರಾಕ್ಕೆ ಒಂದು ಸಲಹೆ ಬಂದಿದ್ದರೆ ಅಲ್ಲಲ್ಲೇ ತಿದ್ದಬಹುದು. ಇಬ್ಬರಿಗಿಂತ ಜಾಸ್ತಿ ಜನ ಕೈ ಹಾಕಿದ್ದರೆ ತಿದ್ದಬೇಡಿ. ಹೊಲಿಗೆ ಹಾಕಿದಷ್ಟೂ ತೇಪೆ ಕಾಣುತ್ತದೆ. ಹಳೆಯ ಪ್ಯಾರಾ, ಬಂದ ಸಲಹೆ ಎಲ್ಲವನ್ನೂ ಮುಚ್ಚಿ, ಪಟ್ಟಿಯಲ್ಲಿರುವ ಸಂಗತಿಗಳನ್ನು ಮಾತ್ರ ಎದುರಿಗಿಟ್ಟುಕೊಳ್ಳಿ. ದನಿಯ ಅರ್ಧ ಪುಟವನ್ನು ಒಂದು ಸಲ ಓದಿ. ಕರಡಿನಲ್ಲಿ ಯಾರೂ ಮುಟ್ಟದ ಒಂದು ಒಳ್ಳೆಯ ಪ್ಯಾರಾ ಇದ್ದರೆ ಅದನ್ನು ಜೋರಾಗಿ ಓದಿ. ಆ ಲಯ ಕಿವಿಯಲ್ಲಿರುವಾಗಲೇ ಹೊಸದನ್ನು ಬರೆಯಿರಿ. ನಾನು ಬರೆದದ್ದು:

> ಗೊನೆ ಕತ್ತರಿಸುವ ಮೊದಲು ಹಣ್ಣು ನೋಡಿ. ಹಸಿರು ಹೋಗಿ ಹಳದಿಗೆ ತಿರುಗಿರಬೇಕು. ಬ್ರಿಕ್ಸ್ ಮೀಟರ್ ಇದ್ದರೆ ಅದು ಕಡಿಮೆ ಎಂದರೂ 22 ತೋರಿಸಬೇಕು.
>
> 100 ಲೀಟರ್ ನೀರಿಗೆ 2.5 ಕೆ.ಜಿ. ಪೊಟ್ಯಾಸಿಯಂ ಕಾರ್ಬೊನೇಟ್ ಪುಡಿ ಹಾಕಿ, ಪೂರ್ತಿ ಕರಗಿಸಿ. ಆಮೇಲೆ 1.5 ಲೀಟರ್ ಡಿಪ್ಪಿಂಗ್ ಆಯಿಲ್ ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಕಲಸಿ. ಒಮ್ಮೆಗೇ ಸುರಿದರೆ ಎಣ್ಣೆ ಮೇಲೆ ತೇಲುತ್ತದೆ. ಗೊನೆಗಳನ್ನು 2ರಿಂದ 4 ನಿಮಿಷ ನೀರಿನೊಳಗೆ ಇಡಿ. ಮೇಲೆತ್ತಿ, ನೀರು ಸೋರಿದ ಮೇಲೆ ಶೆಡ್ಡಿನ ನೆಟ್ ಮೇಲೆ ಹರಡಿ.

ನಾಲ್ವರ ಮಾತೂ ಇದರಲ್ಲಿದೆ, ಆದರೆ ಯಾವ ಸಾಲು ಯಾರದ್ದು ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಕಾಕಾ ಅವರ 'ತೇಲತೈತಿ' ಮಾತ್ರ ಬಹುತೇಕ ಹಾಗೇ ಉಳಿಯಿತು. ಏನು ತಪ್ಪಾಗುತ್ತದೆ, ತಪ್ಪಾದರೆ ಏನು ಕಾಣುತ್ತದೆ ಎಂದು ಅಷ್ಟು ಚೆನ್ನಾಗಿ ನಾನು ಹೇಳಲಾರೆ. ಯಾರಾದರೂ ನಿಮ್ಮ ದನಿಗೆ ಹೊಂದುವ ಹಾಗೇ ಹೇಳಿದ್ದರೆ ಅದನ್ನು ಸುಮ್ನೆ ಬದಲಿಸಬೇಡಿ.

ದನಿ ಸರಿಮಾಡುವಾಗ ಸಂಗತಿ ಕೆಡುತ್ತದೆ

ಇಷ್ಟಕ್ಕೆ ಮುಗಿಯಿತು ಎಂದುಕೊಂಡರೆ ಅಲ್ಲೇ ತಪ್ಪು. ನನ್ನ ಪ್ಯಾರಾ ಮತ್ತೆ ಓದಿ. ತಂಗಿ 'ಈಥೈಲ್ ಓಲಿಯೇಟ್' ಎಂದಿದ್ದಳು. ರೈತರ ಬಾಯಲ್ಲಿರುವ ಮಾತು ಎಂದು ನಾನು ಅದನ್ನು 'ಡಿಪ್ಪಿಂಗ್ ಆಯಿಲ್' ಮಾಡಿದೆ. ದನಿ ಸರಿಯಾಯಿತು. ಆದರೆ ಅಂಗಡಿಯಲ್ಲಿ ಡಿಪ್ಪಿಂಗ್ ಆಯಿಲ್ ಎಂದು ಸಿಗುವ ಡಬ್ಬಿಗಳು ಬೇರೆ ಬೇರೆ ಹೆಸರಿನವು. ಅವು ಬರಿಯ ಈಥೈಲ್ ಓಲಿಯೇಟ್ ಆಗಿರಬೇಕೆಂದಿಲ್ಲ, ನೀರಿನಲ್ಲಿ ಬೆರೆಯಲು ಬೇಕಾದದ್ದೂ ಸೇರಿರಬಹುದು. ಒಂದು ಪದ ಬದಲಿಸಿದ್ದಕ್ಕೆ 1.5 ಲೀಟರ್ ಎಂಬ ಅಂಕಿ ಅನುಮಾನಕ್ಕೆ ಬಿತ್ತು.

ಅದಕ್ಕೆ, ಹೊಸದಾಗಿ ಬರೆದ ಪ್ರತಿ ಪ್ಯಾರಾವನ್ನೂ ಸಂಗತಿ ಕೊಟ್ಟವರಿಗೇ ವಾಪಸ್ ಕಳಿಸಿ. ಇಡೀ ಕರಡು ಕಳಿಸಬೇಡಿ, ಕಳಿಸಿದರೆ ಮತ್ತೆ ಪದ ತಿದ್ದಲು ಕೂರುತ್ತಾರೆ. ಆ ಪ್ಯಾರಾ ಮಾತ್ರ ಕಳಿಸಿ, ಒಂದೇ ಪ್ರಶ್ನೆ ಕೇಳಿ: "ನೀವು ಹೇಳಿದ ಅರ್ಥ ಬದಲಾಗಿದೆಯಾ?" ತಂಗಿ ಕೂಡಲೇ ಹಿಡಿದಳು. ನಾವು ಒಂದು ಸಾಲು ಸೇರಿಸಿದೆವು: "ಡಬ್ಬಿಯ ಮೇಲೆ ಬೇರೆ ಪ್ರಮಾಣ ಬರೆದಿದ್ದರೆ ಅಷ್ಟೇ ಹಾಕಿ." ಅದೂ ನಮ್ಮ ದನಿಯಲ್ಲೇ ಇದೆ, ನೋಡಿ.

ಮಾತಿನ ಬಲವೂ ಹೀಗೇ ಕೆಡುತ್ತದೆ. 'ಅದ್ದತಕ್ಕದ್ದು' ಕೇಳಲು ಗಡುಸು, ಹಾಗಾಗಿ ಮೃದು ಮಾಡುವ ಭರದಲ್ಲಿ 'ಅದ್ದಬಹುದು' ಎಂದು ಬರೆದುಬಿಡುತ್ತೇವೆ. 'ಬೇಕು', 'ಒಳ್ಳೆಯದು', 'ಬಹುದು' ಮೂರೂ ದನಿಯ ವ್ಯತ್ಯಾಸ ಅಲ್ಲ, ಅರ್ಥದ ವ್ಯತ್ಯಾಸ. ಸಲಹೆ ಕೊಟ್ಟವರು ಕಡ್ಡಾಯ ಎಂದದ್ದನ್ನು ಐಚ್ಛಿಕ ಮಾಡುವ ಹಕ್ಕು ಕರಡು ಬರೆಯುವವರಿಗೆ ಇಲ್ಲ.

ಬೇಡವೆಂದದ್ದನ್ನು ಹೇಳಿ ಬಿಡುವುದು

ಕೆಲವು ಸಲಹೆ ರುಚಿಗೆ ಸೇರಿದವು. 'ಕತ್ತರಿಸಿ' ಬೇಡ, 'ಕೊಯ್ಯಿರಿ' ಇರಲಿ ಎಂಬಂಥವು. ಅರ್ಧ ಪುಟದ ಜೊತೆ ಹೊಂದಿದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಿಡಿ. ಹೆಚ್ಚು ಹೊತ್ತು ಕೂರುವುದು ಬೇಡ. ಆದರೆ ಬಿಟ್ಟದ್ದನ್ನು ಅವರಿಗೆ ತಿಳಿಸಲೇಬೇಕು. ನಮ್ಮ ಕಡೆ ಹಿರಿಯರು ಹೇಳಿದ ಮಾತು ಅಚ್ಚಿನಲ್ಲಿ ಕಾಣದಿದ್ದರೆ ಅವರು ಜಗಳ ಮಾಡುವುದಿಲ್ಲ, ಮುಂದಿನ ಸಲ ಏನೂ ಹೇಳದೆ ಸುಮ್ಮನಾಗುತ್ತಾರೆ. ಅದು ದೊಡ್ಡ ನಷ್ಟ, ಅಲ್ವಾ?

ಒಂದು ಸಲ ಕಾಕಾ ಕೇಳಿದರು, "ಅಕ್ಕಾರ, ಬಾಯಾಗ ಹಾಕ್ಕೊಂಡು ನೋಡ್ರಿ ಅಂತ ಹೇಳಿದ್ನೆಲ್ಲ, ಅದು ಎಲ್ಲಿ ಹೋತ್ರಿ?" ನಾನು ಪಟ್ಟಿ ತೆರೆದು ತೋರಿಸಿದೆ. "ಕಾಕಾ, ಔಷಧಿ ಹೊಡೆದ ಹಣ್ಣನ್ನ ತೊಳೀದೆ ಬಾಯಾಗ ಹಾಕ್ಕೊಂಡಾರು ಅಂತ ಬಿಟ್ಟೀನ್ರಿ. ಬಣ್ಣ ನೋಡ್ರಿ ಅಂತ ನೀವು ಹೇಳಿದ್ದು ಐತಿ." ಅವರು ಒಪ್ಪಿದರು. ಕಾರಣ ಬರೆದಿಟ್ಟಿದ್ದರಿಂದ ಮಾತು ಎರಡೇ ನಿಮಿಷದಲ್ಲಿ ಮುಗಿಯಿತು.

ಅಚ್ಚಿಗೆ ಹೋಗುವ ಮುಂಚಿನ ಸಂಜೆ

ಕೊನೆಯ ಓದು ಒಬ್ಬರೇ ಮಾಡಬೇಕು, ಒಂದೇ ಕೂತಲ್ಲಿ, ಜೋರಾಗಿ. ಪಾಳಿ ಹಾಕಿ ಪುಟ ಹಂಚಿಕೊಂಡರೆ ದನಿ ಒಡೆದದ್ದು ಯಾರಿಗೂ ಕೇಳಿಸುವುದಿಲ್ಲ. ಓದುವಾಗ ನಾಲಿಗೆ ಎಲ್ಲಿ ತಡೆಯಿತೋ ಅಲ್ಲಿ ಗುರುತು ಹಾಕಿ ಮುಂದೆ ಹೋಗಿ, ಆಗಲೇ ತಿದ್ದಲು ನಿಲ್ಲಬೇಡಿ.

ಆಮೇಲೆ ಕಂಪ್ಯೂಟರಿನಲ್ಲಿ ಹುಡುಕಿ. ನಾನು 'ತಕ್ಕದ್ದು', 'ವುದು', 'ಬಾಂಧವ', 'ಒಣದ್ರಾಕ್ಷಿ', 'ಬೇದಾಣಾ', 'ದ್ರಾವಣ' ಒಂದೊಂದನ್ನೇ ಹಾಕಿ ನೋಡುತ್ತೇನೆ. ಬೇರೆಯವರ ಫೈಲಿನಿಂದ ಅಂಟಿಸಿದ ಭಾಗವಿದ್ದರೆ ಹುಡುಕಾಟವನ್ನೇ ಪೂರ್ತಿ ನಂಬಬೇಡಿ. ಕನ್ನಡದಲ್ಲಿ ಒಂದೇ ರೀತಿ ಕಾಣುವ ಅಕ್ಷರದ ಒಳಗಿನ ಸಂಕೇತ ಬೇರೆ ಇರಬಹುದು. ಉದಾಹರಣೆಗೆ 'ೋ' ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ತುಂಡು ತುಂಡಾಗಿಯೂ ಇಡಬಹುದು. ಆಗ ಪದ ಕಣ್ಣೆದುರೇ ಇದ್ದರೂ ಹುಡುಕಿದಾಗ ಸಿಗದೆ ಹೋಗಬಹುದು. ಕನ್ನಡ ಅಂಕಿಯ ಸೊನ್ನೆ ಇರಬೇಕಾದ ಕಡೆ ಅನುಸ್ವಾರ ಟೈಪ್ ಆಗಿರುವುದೂ ಉಂಟು. ಅಂಕಿಗಳನ್ನು ಪಟ್ಟಿಯ ಜೊತೆ ಕೈಯಾರೆ ಹೋಲಿಸಿ.

ಓದುಗರ ಪೈಕಿ ಒಬ್ಬರಿಗೆ, ಸಲಹೆ ಕೊಡದೆ ಇದ್ದವರಿಗೆ, ಒಂದು ಪುಟ ಓದಲು ಕೊಡಿ. "ತಪ್ಪು ಹುಡುಕಿ" ಎನ್ನಬೇಡಿ. "ಇದನ್ನು ಓದಿ, ನಾಳೆ ಏನು ಮಾಡ್ತೀರಿ ಹೇಳಿ" ಎನ್ನಿ. ಅವರು ಹೇಳಿದ ಕ್ರಮ ನಿಮ್ಮ ಕರಡಿನ ಕ್ರಮವೇ ಆಗಿದ್ದರೆ ಫೈಲಿಗೆ ಬೀಗ ಹಾಕಿ, ಹೆಸರಿನಲ್ಲಿ ದಿನಾಂಕ ಸೇರಿಸಿ, ಅಚ್ಚಿನವರಿಗೆ ಪಿಡಿಎಫ್ ಕಳಿಸಿ. ಆಮೇಲೆ ಬರುವ ಸಲಹೆ ಮುಂದಿನ ವರ್ಷದ ಪಟ್ಟಿಗೆ. ಅಂಕಿ ತಪ್ಪಾಗಿದ್ದರೆ ಮಾತ್ರ ಅಚ್ಚು ನಿಲ್ಲಿಸಿ.

ಮೊದಲು ಬರೆದ ಆ ಅರ್ಧ ಪುಟವನ್ನು ಎಸೆಯಬೇಡಿ. ಈ ಸಲ ಹೊಸದಾಗಿ ತೀರ್ಮಾನವಾದದ್ದನ್ನು ಅದರ ಕೆಳಗೆ ಸೇರಿಸಿ. ನಮ್ಮದರಲ್ಲಿ ಕಳೆದ ಸಲ ಸೇರಿದ ಸಾಲುಗಳು ಎರಡು: ಅದ್ದುವ ಹೊತ್ತು ಹೇಳುವಾಗ 'ನೀರಿನೊಳಗೆ' ಎಂದು ಬರೆಯಬೇಕು. ಡಿಪ್ಪಿಂಗ್ ಆಯಿಲ್ ಬಂದ ಕಡೆಯಲ್ಲೆಲ್ಲ ಡಬ್ಬಿ ನೋಡಲು ಹೇಳಬೇಕು.